ಬೀಡಿನ ಹಂಚು ಮಾರುವವನ ಫೇಸ್‌ಬುಕ್ ಗುಂಪು

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಯಂತ್ರದ ಬಿಡಿಭಾಗಗಳ ಎರಕ ಸುರಿಯುವವರ ನಡುವೆ ನಾನು ಬೀಡಿನ ಹಂಚು, ಪಡ್ಡಿನ ಹಂಚು, ಬಾಣಲೆಗಳನ್ನು ಎರಕ ಹೊಯ್ಯಿಸಿ ಮಾರುತ್ತೇನೆ. ಈ ವ್ಯಾಪಾರಕ್ಕೆ ಒಂದು ತೊಡಕಿದೆ. ಬೀಳಿಸಿ ಒಡೆಯದಿದ್ದರೆ ಬೀಡಿನ ಹಂಚು ಕೊಂಡವರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದೇ ಗಿರಾಕಿ ಮತ್ತೆ ಹಂಚು ಕೇಳಿಕೊಂಡು ಬರುವುದು ಅಪರೂಪ. ಹಾಗಾಗಿ ಜಾಹೀರಾತಿಗೆ ಹಣ ಸುರಿದು ಒಬ್ಬರನ್ನು ಕರೆತಂದರೆ, ಮುಂದಿನವರಿಗಾಗಿ ಅಷ್ಟೇ ಹಣ ಮತ್ತೆ ಸುರಿಯಬೇಕು.

ಆದರೆ ಕೊಂಡವರು ಪ್ರಶ್ನೆಗಳನ್ನು ಹೊತ್ತು ಮತ್ತೆ ಮತ್ತೆ ಬರುತ್ತಾರೆ. ದೋಸೆ ಏಳುತ್ತಿಲ್ಲ, ತುಕ್ಕು ಬಂದಿದೆ, ಮೇಲೆ ಜಿಗುಟಾಗಿದೆ, ಇಂಡಕ್ಷನ್ ಒಲೆಯ ಮೇಲೆ ಇಡಬಹುದೇ? ಫೋನಿನಲ್ಲಿ ಇದೇ ಉತ್ತರವನ್ನು ದಿನವೂ ಹೇಳುವ ಬದಲು ಎಲ್ಲರೂ ನೋಡುವಂತೆ ಒಂದೇ ಕಡೆ ಹೇಳಬೇಕೆಂದು ಫೇಸ್‌ಬುಕ್‌ನಲ್ಲಿ ಗುಂಪು ತೆರೆದೆ. ಕೆಲವು ವರ್ಷಗಳ ನಂತರ ನನ್ನ ಮಾರಾಟದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದೆ.

ಗುಂಪಿನ ಹೆಸರಿನಲ್ಲಿ ನನ್ನ ಅಂಗಡಿಯ ಹೆಸರಿಲ್ಲ. ಕಬ್ಬಿಣದ ಪಾತ್ರೆಯ ಅಡುಗೆ, ಆರೈಕೆ ಎಂಬಷ್ಟೇ ಇದೆ. ಅಂಗಡಿಯ ಹೆಸರಿದ್ದರೆ ನನ್ನ ಗಿರಾಕಿಗಳು ಮಾತ್ರ ಸೇರುತ್ತಾರೆ. ನನಗೆ ಬೇಕಾಗಿದ್ದವರು ಅಜ್ಜಿಯ ಕಾಲದ ಹಂಚನ್ನು ಅಟ್ಟದಿಂದ ಇಳಿಸಿದವರು, ಬೇರೆಯವರ ಬಳಿ ಕೊಂಡು ಪರದಾಡುತ್ತಿರುವವರು, ಕೊಳ್ಳಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವವರು. ಪರಿಚಯದ ಸಾಲುಗಳಲ್ಲಿ ಹಂಚು, ತವಾ, ಬೀಡು, ಎರಕದ ಕಬ್ಬಿಣ ಎಂಬ ಎಲ್ಲ ಪದಗಳನ್ನೂ ಬರೆದೆ. `kabbinada hanchu`, `beedu tava` ಎಂದೂ ಸೇರಿಸಿದೆ. ನಮ್ಮವರಲ್ಲಿ ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಿ ಹುಡುಕುತ್ತಾರೆ. ಕನ್ನಡ ಲಿಪಿಯಲ್ಲಿ ಮಾತ್ರ ಇರುವ ಬರಹ ಅವರ ಕಣ್ಣಿಗೆ ಬೀಳುವುದು ಕಷ್ಟ. ಈಗಲೂ ಮುಖ್ಯವಾದ ಉತ್ತರಗಳ ಕೆಳಗೆ ಇಂಥ ಎರಡು ಮೂರು ಪದಗಳನ್ನು ಬರೆಯುತ್ತೇನೆ. ನೋಡಲು ಚೆಂದವಲ್ಲ, ಆದರೆ ಕೆಲಸಕ್ಕೆ ಬರುತ್ತದೆ.

ವಾಟ್ಸ್ಆ್ಯಪ್ ಗುಂಪು ಸಾಲದೇ ಎಂದು ಹಲವರು ಕೇಳಿದ್ದಾರೆ. ನಮ್ಮ ಭಾಗದಲ್ಲಿ ಎಲ್ಲ ವ್ಯಾಪಾರವೂ ಅಲ್ಲೇ ನಡೆಯುವುದರಿಂದ ಪ್ರಶ್ನೆ ಸಹಜ. ಅಲ್ಲಿ ಬೆಳಿಗ್ಗೆ ಕೊಟ್ಟ ಒಳ್ಳೆಯ ಉತ್ತರ ಸಂಜೆಯ ಶುಭಾಶಯಗಳ ಕೆಳಗೆ ಹೂತು ಹೋಗುತ್ತದೆ. ಹೊಸದಾಗಿ ಸೇರಿದವರಿಗೆ ಹಿಂದಿನ ವರ್ಷಗಳ ಮಾತುಕತೆ ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ ಅಪರಿಚಿತರ ನಡುವೆ ತಮ್ಮ ಫೋನ್ ಸಂಖ್ಯೆ ತೆರೆದಿಡುವುದೂ ಇಷ್ಟವಿರುವುದಿಲ್ಲ. ಫೇಸ್‌ಬುಕ್ ಗುಂಪಿನಲ್ಲಾದರೆ ಪ್ರತಿ ಪ್ರಶ್ನೆಯೂ ಅದರ ಉತ್ತರಗಳೊಂದಿಗೆ ಒಂದೇ ಕಡೆ ಉಳಿಯುತ್ತದೆ. ಹಳೆಯ ಪ್ರಶ್ನೆಯ ಕೆಳಗೆ ಯಾರಾದರೂ ಹೊಸ ಮಾತು ಸೇರಿಸಿದರೆ ಅದು ಮತ್ತೆ ಮೇಲಕ್ಕೆ ಬರುತ್ತದೆ. ಗುಂಪಿನ ಬೆಲೆ ಇರುವುದು ಇಲ್ಲಿಯೇ ಎಂಬುದು ನನಗೆ ಒಂದು ಪ್ರಶ್ನೆಯಿಂದ ಅರ್ಥವಾಯಿತು.

ವಿಜಯಪುರದ ಗೃಹಿಣಿಯೊಬ್ಬರು ತಮ್ಮ ಹಂಚಿನ ಚಿತ್ರ ಹಾಕಿ, ದೋಸೆ ನಡುವಿನಲ್ಲಿ ಮಾತ್ರ ಅಂಟುತ್ತದೆ, ಅಂಚಿನಲ್ಲಿ ಚೆನ್ನಾಗಿ ಏಳುತ್ತದೆ ಎಂದು ಬರೆದರು. ಹಂಚು ನನ್ನದಲ್ಲ, ಸಂತೆಯಲ್ಲಿ ಕೊಂಡದ್ದು. ಚಿತ್ರದಲ್ಲಿ ಅಂಚು ಕಪ್ಪಗೆ ಹೊಳೆಯುತ್ತಿತ್ತು, ನಡುಭಾಗ ಬೂದುಬಣ್ಣಕ್ಕೆ ತಿರುಗಿತ್ತು. ಎಣ್ಣೆ ಹೆಚ್ಚು ಹಾಕಿ, ಈರುಳ್ಳಿ ಉಜ್ಜಿ ಎಂಬ ಎಂದಿನ ಸಲಹೆಗಳು ಬಂದವು. ಆಮೇಲೆ ಜಮಖಂಡಿಯ ಶಿಕ್ಷಕಿಯೊಬ್ಬರು, “ಅಕ್ಕಾ, ಇದೇ ಹಂಚಿನ ಮೇಲೆ ರೊಟ್ಟಿಯನ್ನೂ ಮಾಡುತ್ತೀರೇನು?” ಎಂದು ಕೇಳಿದರು. “ಹೌದು, ದಿನವೂ ಮಾಡುತ್ತೇನೆ” ಎಂದು ಉತ್ತರ ಬಂತು.

ರೋಗದ ಮೂಲ ಅದೇ. ಬೀಡಿನ ಹಂಚು ಹದವಾಗಿದೆ ಎಂದರೆ, ಎಣ್ಣೆ ತೆಳುವಾಗಿ ಕಾದು ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿದ ಪದರ ಅದರ ಮೇಲಿದೆ ಎಂದರ್ಥ. ದೋಸೆ ಏಳುವುದು ಆ ಪದರದಿಂದ. ಜೋಳದ ರೊಟ್ಟಿಗೆ ಎಣ್ಣೆ ಇಲ್ಲ. ಹಂಚು ಒಣಗಿ ಚೆನ್ನಾಗಿ ಕಾದಿರಬೇಕು, ರೊಟ್ಟಿಯ ಮೇಲೆ ನೀರು ಸವರಬೇಕು. ಉರಿ ಹೆಚ್ಚು ತಗಲುವ ನಡುಭಾಗದಲ್ಲಿ ದಿನವೂ ಹೀಗಾದರೆ ಆ ಪದರ ನಿಧಾನವಾಗಿ ಸುಟ್ಟು ಹೋಗುತ್ತದೆ. ಹಳೆಯ ಮನೆಗಳಲ್ಲಿ ರೊಟ್ಟಿಗೊಂದು, ದೋಸೆಗೊಂದು ಹಂಚು ಬೇರೆಯೇ ಇರುತ್ತಿದ್ದುದಕ್ಕೆ ಕಾರಣ ಇದು.

ಸರಿಪಡಿಸುವ ಕ್ರಮವನ್ನು ನಾನು ಅದರ ಕೆಳಗೆ ಬರೆದೆ. ಹಂಚನ್ನು ತಿಕ್ಕಿ ತೊಳೆದು, ಒಲೆಯ ಮೇಲಿಟ್ಟು ತೇವವೆಲ್ಲ ಆರುವ ತನಕ ಒಣಗಿಸಬೇಕು. ಬಿಸಿ ಇರುವಾಗಲೇ ಅರ್ಧ ಚಮಚ ಕುಸುಬೆ ಎಣ್ಣೆ ಸವರಿ, ಒಣಬಟ್ಟೆಯಿಂದ ಎಣ್ಣೆ ಹಚ್ಚಿಯೇ ಇಲ್ಲವೇನೋ ಎನ್ನುವಷ್ಟು ಒರೆಸಬೇಕು. ನಂತರ ಹೊಗೆ ಎದ್ದು, ಆ ಹೊಗೆ ನಿಲ್ಲುವವರೆಗೆ ಕಾಯಿಸಬೇಕು. ತಣಿದ ಮೇಲೆ ಹೀಗೆಯೇ ಇನ್ನೂ ಎರಡು ಮೂರು ಸಲ. ಒರೆಸುವುದರಲ್ಲಿ ಕಡಿಮೆಯಾದರೆ ಜಿಗುಟು ಬರುತ್ತದೆ. ಕುಸುಬೆ ಬೇಗ ಗಟ್ಟಿಯಾಗುವ ಜಾತಿಯ ಎಣ್ಣೆ, ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಅಷ್ಟು ಒಗ್ಗುವುದಿಲ್ಲ. ಅಗಸೆ ಎಣ್ಣೆಯ ಪದರ ಗಟ್ಟಿಯಾಗಿ ಕೂರುತ್ತದೆ, ಆದರೆ ಕೆಲವು ತಿಂಗಳಲ್ಲಿ ಹಕ್ಕಳೆಯಂತೆ ಏಳುವುದುಂಟು.

ಸ್ವಲ್ಪ ದಿನಗಳ ನಂತರ ಆ ಗೃಹಿಣಿ ದೋಸೆ ಇಡಿಯಾಗಿ ಎದ್ದ ಚಿತ್ರ ಹಾಕಿದರು. ಜೊತೆಗೆ ರೊಟ್ಟಿಗೆ ಬೇರೆ ಹಂಚು ಬೇಕು, ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನನ್ನ ಹೆಸರು ಹೇಳಿದವರು ಬೇರೆ ಸದಸ್ಯರು, ನಾನಲ್ಲ. ಒಂದು ಹಂಚು ಮಾರಾಟವಾಯಿತು ಎಂಬುದು ಸಣ್ಣ ಸಂಗತಿ. ಆದರೆ ಆ ಪ್ರಶ್ನೆ ಅಲ್ಲಿಯೇ ಉಳಿಯಿತು. ಅಂದಿನಿಂದ ನಡುವಿನಲ್ಲಿ ಅಂಟುವ ದೋಸೆಯ ಬಗ್ಗೆ ಯಾರು ಕೇಳಿದರೂ ಹಳೆಯ ಸದಸ್ಯರು ಅದರ ಕೊಂಡಿಯನ್ನು ತಂದು ಕೊಡುತ್ತಾರೆ. ಓದಿದವರಲ್ಲಿ ಕೆಲವರು ಎರಡನೆಯ ಹಂಚಿಗೆ ಬರುತ್ತಾರೆ. ಒಮ್ಮೆ ಕೊಂಡವರು ಮತ್ತೆ ಬರುವುದಿಲ್ಲ ಎಂದಿದ್ದ ಸಾಮಾನಿಗೆ ಎರಡನೆಯ ಖರೀದಿ ಹುಟ್ಟಿದ್ದು ಹೀಗೆ. ಅಲ್ಲಿಂದ ಮುಂದೆ ನಾನು ಎರಡು ಬಗೆ ಮಾಡಿಸತೊಡಗಿದೆ: ರೊಟ್ಟಿಗೆ ಅಗಲವಾದ, ಮರಳಿನ ಅಚ್ಚಿನ ಒರಟು ಹಾಗೆಯೇ ಇರುವ ಹಂಚು, ದೋಸೆಗೆ ಮೇಲ್ಮೈ ಉಜ್ಜಿ ನುಣುಪು ಮಾಡಿದ್ದು. ಏನು ಮಾಡಿಸಬೇಕು ಎಂಬುದನ್ನು ಗುಂಪು ಹೇಳಿತು. ಇಂಡಕ್ಷನ್ ಒಲೆಯ ಪ್ರಶ್ನೆಗಳು ಹೆಚ್ಚಾದಾಗ ತಳವನ್ನು ಸಮತಟ್ಟು ಮಾಡಿಸಿದ್ದೂ ಇದೇ ದಾರಿಯಲ್ಲಿ.

ಇದಕ್ಕೆಲ್ಲ ಆಧಾರ ಒಂದು ಕಟ್ಟುಪಾಡು. ತಿಂಗಳಿಗೆ ಒಂದೇ ಸಲ, ಅದೂ ನಿಗದಿಯಾದ ಒಂದು ಬರಹದ ಕೆಳಗೆ ಮಾತ್ರ ಮಾರಾಟದ ಮಾತು. ಅಲ್ಲಿ ನಾನೂ ಹಾಕುತ್ತೇನೆ, ಬೇರೆ ತಯಾರಕರೂ ಬೆಲೆಯೊಂದಿಗೆ ಹಾಕಬಹುದು. ಉಳಿದ ದಿನ ಯಾರ ಹಂಚಿನ ಪ್ರಶ್ನೆ ಬಂದರೂ ಉತ್ತರ ಒಂದೇ ಬಗೆಯದು. ನನ್ನ ಹಂಚಿನ ಬಗ್ಗೆ ದೂರು ಬಂದರೆ ಅಳಿಸುವುದಿಲ್ಲ. ಪ್ರತಿಸ್ಪರ್ಧಿಗಳಿಗೆ ಬಾಗಿಲು ತೆರೆದಿಟ್ಟದ್ದು ನನ್ನ ತಮ್ಮನಿಗೆ ಇಂದಿಗೂ ಒಪ್ಪಿಗೆಯಿಲ್ಲ. ನನ್ನ ಲೆಕ್ಕ ಬೇರೆ. ನನ್ನ ಸಾಮಾನನ್ನಷ್ಟೇ ಹೊಗಳುವ ಗುಂಪಿನಲ್ಲಿ ಜಮಖಂಡಿಯ ಶಿಕ್ಷಕಿ ಉಳಿಯುವುದಿಲ್ಲ. ಅಂಥವರು ಹೋದರೆ ಉತ್ತರ ಕೊಡುವವನು ನಾನೊಬ್ಬನೇ, ಮತ್ತೆ ಫೋನಿನ ಕಾಲಕ್ಕೆ ಮರಳಿದಂತೆ.

ಬಾಗಿಲಲ್ಲಿ ಮಾತ್ರ ಬಿಗಿ. ಗುಂಪು ಖಾಸಗಿಯಾದದ್ದು, ಆದರೆ ಹುಡುಕಿದರೆ ಕಾಣುತ್ತದೆ. ಸೇರುವವರಿಗೆ ಫೇಸ್‌ಬುಕ್ ಮೂರು ಪ್ರಶ್ನೆಗಳವರೆಗೆ ಕೇಳಲು ಬಿಡುತ್ತದೆ. ಮೊದಲನೆಯದು, ಮನೆಯಲ್ಲಿ ಈಗ ಯಾವ ಕಬ್ಬಿಣದ ಪಾತ್ರೆ ಇದೆ, ಇಲ್ಲದಿದ್ದರೆ ಏನು ಮಾಡಲು ಬೇಕು. ಸಾಲ ಕೊಡುತ್ತೇವೆ, ಹಣ ದುಪ್ಪಟ್ಟು ಮಾಡುತ್ತೇವೆ ಎಂದು ಬರುವ ಖಾತೆಗಳು ಇದಕ್ಕೆ ಉತ್ತರ ಬರೆಯುವುದಿಲ್ಲ, ಬರೆದರೂ ‘ಯೆಸ್’ ಎಂದಿರುತ್ತದೆ. ನಿಜವಾದವರು ‘ಅತ್ತೆ ಕೊಟ್ಟ ಪಡ್ಡಿನ ಹಂಚು’ ಎಂದು ಬರೆಯುತ್ತಾರೆ. ಈ ಉತ್ತರಗಳನ್ನು ಓದುವುದೇ ಒಂದು ಮಾರುಕಟ್ಟೆ ಸಮೀಕ್ಷೆ. ಎರಡನೆಯದು, ನಿಯಮಗಳಿಗೆ ಒಪ್ಪಿಗೆಯೇ ಎಂಬುದು. ಮೂರನೆಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಫೋನ್ ಸಂಖ್ಯೆ ಕೇಳುವಂತೆ ಸಲಹೆ ಕೊಟ್ಟವರಿದ್ದಾರೆ. ಹಂಚಿನ ಪ್ರಶ್ನೆ ಕೇಳಲು ಬಂದವರ ಸಂಖ್ಯೆ ಪಡೆದು ಮಾರಾಟದ ಸಂದೇಶ ಕಳಿಸುವುದು ನನಗೆ ಸರಿಕಾಣಲಿಲ್ಲ.

ಗುಂಪು ನರಳುತ್ತಿದೆ ಎಂಬುದನ್ನು ಸದಸ್ಯರ ಸಂಖ್ಯೆ ಹೇಳುವುದಿಲ್ಲ. ನಾನು ನೋಡುವುದು ಒಂದನ್ನೇ: ಹೊಸ ಪ್ರಶ್ನೆಗೆ ನನಗಿಂತ ಮೊದಲು ಬೇರೆಯವರು ಉತ್ತರಿಸುತ್ತಿದ್ದಾರೆಯೇ? ಒಂದು ಬೇಸಿಗೆಯಲ್ಲಿ ಅದು ನಿಂತೇ ಹೋಯಿತು. ಯಾವುದೋ ಅಡುಗೆ ವಿಡಿಯೊದಲ್ಲಿ ಗುಂಪಿನ ಪ್ರಸ್ತಾಪವಾಗಿ ಜನ ನುಗ್ಗಿದ್ದರು. ಎಲ್ಲರೂ ಅದೇ ತುಕ್ಕಿನ ಪ್ರಶ್ನೆ ಕೇಳುತ್ತಿದ್ದರು, ಹಳಬರು ಬೇಸತ್ತು ಸುಮ್ಮನಾದರು. ಆಗ ಪ್ರತಿ ಬರಹವನ್ನೂ ನೋಡಿ ಬಿಡುವ ವ್ಯವಸ್ಥೆ ಮಾಡಿದೆವು. ಪದೇಪದೇ ಬರುವ ಪ್ರಶ್ನೆಗಳ ಒಳ್ಳೆಯ ಉತ್ತರಗಳನ್ನು `Featured` ಜಾಗದಲ್ಲಿ ಮೇಲೆ ನಿಲ್ಲಿಸಿದೆವು. ಮಾಮೂಲಿ ಪ್ರಶ್ನೆ ಕೇಳಿದವರಿಗೆ ಅಲ್ಲಿನ ದಾರಿ ತೋರಿಸಿ, ಹೊಸ ತೊಡಕಿನದನ್ನು ಮಾತ್ರ ಬಿಟ್ಟೆವು. ಹಳಬರು ಮೆಲ್ಲಗೆ ಮರಳಿದರು.

ಹಣದ ಲೆಕ್ಕಕ್ಕೆ ನನ್ನ ಬಳಿ ಇರುವುದು ಒಂದು ನೋಟುಬುಕ್ಕು. ಪ್ರತಿ ಗಿರಾಕಿಗೂ ನಮ್ಮ ಬಗ್ಗೆ ಎಲ್ಲಿ ತಿಳಿಯಿತು ಎಂದು ಕೇಳಿ ಬರೆದುಕೊಳ್ಳುತ್ತೇವೆ. ಗುಂಪಿನಿಂದ ಬಂದವರು ಬೆಲೆಯಲ್ಲಿ ಚೌಕಾಸಿ ಮಾಡುವುದು ಕಡಿಮೆ, ಸಾಮಾನು ಹಿಂದಿರುಗಿಸುವುದು ಇನ್ನೂ ಕಡಿಮೆ. ಹೇಗೆ ಬಳಸಬೇಕೆಂದು ಮೊದಲೇ ಓದಿಕೊಂಡಿರುತ್ತಾರೆ. ಕಾದ ಹಂಚಿಗೆ ತಣ್ಣೀರು ಸುರಿದು ಬಿರುಕು ಬಿಡಿಸಿಕೊಂಡು ಬರುವವರು ಹೆಚ್ಚಾಗಿ ಬೇರೆ ದಾರಿಯ ಗಿರಾಕಿಗಳು. ಆದರೆ ಅವಸರದವರಿಗೆ ಈ ದಾರಿ ಅಲ್ಲ. ಸೇರಿ ಒಂದೂವರೆ ಎರಡು ವರ್ಷ ಬರೀ ಓದಿ, ಆಮೇಲೆ ಮಗಳ ಹೊಸ ಮನೆಗೆಂದು ಕೊಂಡವರಿದ್ದಾರೆ. ಮೊದಲ ವರ್ಷದಲ್ಲಿ ನೋಟುಬುಕ್ಕಿನ ಆ ಕಾಲಂ ಹೆಚ್ಚು ಕಡಿಮೆ ಖಾಲಿಯೇ ಇತ್ತು.

ಇದು ನನ್ನ ಆಸ್ತಿಯೇ ಎಂದು ಕೇಳಿದರೆ, ಜಾಗ ಬಾಡಿಗೆಯದು ಎನ್ನಬೇಕು. ಗುಂಪಿನ ಸದಸ್ಯರಿಗಷ್ಟೇ ಕಾಣುವಂತೆ ಜಾಹೀರಾತು ಕೊಡಲು ಫೇಸ್‌ಬುಕ್ ಬಿಡುವುದಿಲ್ಲ. ಹೊರಗಿನ ತಂತ್ರಾಂಶಗಳಿಂದ ಗುಂಪಿಗೆ ಬರಹ ಹಾಕುವ ದಾರಿಯನ್ನು 2024ರಲ್ಲಿ ಅವರು ಮುಚ್ಚಿದರು, ಈಗ ಒಳಗಿನಿಂದಲೇ ಸಮಯ ಗೊತ್ತುಮಾಡಿ ಹಾಕಬೇಕು. ಒಬ್ಬರ ಖಾತೆ ಕಳುವಾದರೆ ಅಥವಾ ಸ್ಥಗಿತವಾದರೆ ಗುಂಪು ಅನಾಥವಾಗಬಾರದೆಂದು ನನ್ನ ಜೊತೆ ಇನ್ನಿಬ್ಬರು ಅಡ್ಮಿನ್‌ಗಳಿದ್ದಾರೆ. ಆ ಶಿಕ್ಷಕಿ ಅವರಲ್ಲಿ ಒಬ್ಬರು. ಒಳ್ಳೆಯ ಉತ್ತರಗಳನ್ನು, ಬರೆದವರ ಒಪ್ಪಿಗೆ ಪಡೆದು, ನಾವು ಹಂಚಿನ ಜೊತೆ ಕೊಡುವ ಚೀಟಿಯಲ್ಲಿ ಅಚ್ಚು ಹಾಕಿಸಿದ್ದೇವೆ.

ಹೋಟೆಲಿನವರು, ಮದುವೆಯ ಅಡುಗೆಯವರು ಈ ಗುಂಪಿಗೆ ಬರುವುದಿಲ್ಲ. ಅವರಿಗೆ ಓದಲು ಪುರುಸೊತ್ತಿಲ್ಲ. ದೊಡ್ಡ ಕಾವಲಿ ಬೇಕಾದಾಗ ನೇರವಾಗಿ ಫೋನ್ ಮಾಡಿ ತೂಕ ಎಷ್ಟು, ಕಿಲೋಗೆ ದರ ಎಷ್ಟು ಎಂದು ಕೇಳುತ್ತಾರೆ. ಆ ವ್ಯಾಪಾರವನ್ನು ತಮ್ಮ ನೋಡಿಕೊಳ್ಳುತ್ತಾನೆ.