ಒಂದೇ ಭತ್ತ, ಮೂರು ಚಿತ್ರ: ಹಿಸ್ಟೊಗ್ರಾಮ್‌ನ ಬಿನ್ ಅಗಲ ಆರಿಸುವುದು ಹೇಗೆ?

ಸಿಂಧನೂರಿನ ಒಂದು ರೈಸ್ ಮಿಲ್‌ಗೆ 64 ಲೋಡ್ ಭತ್ತ ಬಂದಿದೆ ಅಂದುಕೊಳ್ಳಿ. ಪ್ರತಿ ಲೋಡಿನ ತೇವಾಂಶವನ್ನು ಮೀಟರಿನಲ್ಲಿ ನೋಡಿ ಬರೆದಿದ್ದಾರೆ. ಸರಾಸರಿ ಸುಮಾರು ಶೇ 16.3. ಬೆಂಬಲ ಬೆಲೆ ಖರೀದಿಯಲ್ಲಿ ಮಿತಿ ಶೇ 17. ಹಾಗಾದರೆ ಭತ್ತ ಚೆನ್ನಾಗಿ ಒಣಗಿದೆ, ಅಲ್ವಾ? ತೇವಾಂಶವನ್ನು ಸಮ ಅಗಲದ ತುಂಡುಗಳಾಗಿ, ಅಂದರೆ ಬಿನ್‌ಗಳಾಗಿ, ಮಾಡಿ, ಪ್ರತಿ ಬಿನ್ನಿನಲ್ಲಿ ಎಷ್ಟು ಲೋಡ್ ಇವೆ ಎಂದು ಕಂಬದ ಎತ್ತರದಲ್ಲಿ ತೋರಿಸುವ ಚಿತ್ರವೇ ಹಿಸ್ಟೊಗ್ರಾಮ್. ಅದನ್ನು ಬರೆದು ನೋಡೋಣ.

ಮೊದಲು 10ರಿಂದ ಶುರು ಮಾಡಿ, 5 ಅಗಲದ ಬಿನ್ ಇಡಿ. 30, 26, 8 ಲೋಡ್ ಬೀಳುತ್ತವೆ. ಎಡಕ್ಕೆ ಎತ್ತರ, ಬಲಕ್ಕೆ ಇಳಿಜಾರು. ಆದರೆ ನಡುವಿನ 15–20ರ ಕಂಬದಲ್ಲಿ ಮಿತಿಯೊಳಗಿನ 8 ಲೋಡ್, ಮಿತಿ ಮೀರಿದ 18 ಲೋಡ್ ಒಟ್ಟಿಗೆ ಸೇರಿಕೊಂಡಿವೆ.

ಈಗ 12ರಿಂದ 22ರವರೆಗೆ ಅಗಲ 1 ಮಾಡಿ. ತೇವಾಂಶ A ಕಾಲಂನಲ್ಲಿದ್ದು, C ಕಾಲಂನಲ್ಲಿ 12, 13, 14 ಎಂದು ಬರೆದಿದ್ದರೆ ಎಕ್ಸೆಲ್‌ನಲ್ಲಿ ಹೀಗೆ ಎಣಿಸಬಹುದು:

```
=COUNTIFS(A$2:A$65,">"&C2,A$2:A$65,"<="&C2+1)
```

ಸರಿಯಾಗಿ 17 ಇರುವ ಲೋಡ್ ಮಿತಿಯೊಳಗೇ ಉಳಿಯಲಿ ಎಂದು `<=` ಹಾಕಿದ್ದೇವೆ. ಎಣಿಕೆ ಹೀಗೆ ಬರುತ್ತದೆ: 4, 12, 14, 6, 2, 3, 7, 8, 5, 3. ನೋಡಿ, ಎರಡು ಗುಡ್ಡಗಳು! ಒಂದು 14ರ ಸುತ್ತ: ತಾಡಪತ್ರಿ ಮೇಲೆ ಹರವಿ ಒಣಗಿಸಿ ತಂದ ಭತ್ತ. ಇನ್ನೊಂದು 19ರ ಸುತ್ತ: ಕಟಾವು ಯಂತ್ರದಿಂದ ನೇರ ಟ್ರ್ಯಾಕ್ಟರಿಗೆ ಸುರಿದದ್ದು. ಸರಾಸರಿ ಬಿದ್ದ 16–17ರಲ್ಲಿ ಇರುವುದು ಎರಡೇ ಲೋಡ್.

ಅಗಲ ಆರಿಸಲು ಸೂತ್ರಗಳಿವೆ. 1981ರ ಫ್ರೀಡ್‌ಮನ್–ಡಯಕೋನಿಸ್ ಸೂತ್ರ ಬಹಳ ಬಳಕೆಯಲ್ಲಿದೆ:

```
=2*(QUARTILE(A2:A65,3)-QUARTILE(A2:A65,1))/64^(1/3)
```

ನಮ್ಮ ಲೋಡುಗಳಲ್ಲಿ ನಡುವಿನ ಅರ್ಧ ಭಾಗ ಸುಮಾರು 14ರಿಂದ 19ರವರೆಗೆ ಹರಡಿದೆ. 64ರ ಘನಮೂಲ 4. ಹಾಗಾಗಿ ಅಗಲ 2.5ರ ಹತ್ತಿರ ಬರುತ್ತದೆ. 12ರಿಂದ ಎಣಿಸಿದರೆ 23, 15, 14, 12. ಎರಡೂ ಗುಡ್ಡ ಮಾಯ! ಸೂತ್ರದ ಲೆಕ್ಕ ತಪ್ಪಿಲ್ಲ. ಗುಡ್ಡಗಳು ದೂರ ದೂರ ಇದ್ದಾಗ ನಡುವಿನ ಅರ್ಧ ಹಿಗ್ಗುತ್ತದೆ, ಅದರ ಜೊತೆ ಬಿನ್ನೂ ಅಗಲವಾಗುತ್ತದೆ. ಅದಕ್ಕೇ ಸೂತ್ರದ ಉತ್ತರ ಸಿಕ್ಕ ಮೇಲೆ ಅದರ ಅರ್ಧ ಅಗಲದಲ್ಲೂ ಒಮ್ಮೆ ಬರೆದು ನೋಡಿ. ಮಿತಿ ಏನಾದರೂ ಇದ್ದರೆ ಬಿನ್ನಿನ ಅಂಚು ಅದರ ಮೇಲೇ ಬರುವಂತೆ ಇಡಿ.

ಹಾಗಂತ ಸುಮ್ನೆ ಸಣ್ಣದು ಮಾಡುತ್ತಾ ಹೋಗಬೇಡಿ. ಅಗಲ 0.2 ಇಟ್ಟರೆ 64 ಲೋಡಿಗೆ 50 ಬಿನ್. ಒಂದರಲ್ಲಿ ಮೂರು, ಪಕ್ಕದ್ದರಲ್ಲಿ ಸೊನ್ನೆ. ಚಿತ್ರ ಬಾಚಣಿಗೆಯಂತೆ ಕಾಣುತ್ತದೆ. ಯಾವುದು ನಿಜವಾದ ಗುಡ್ಡ ಎಂದು ತಿಳಿಯಲು ಶುರುವಿನ ಅಂಚನ್ನು ಅರ್ಧ ಬಿನ್ ಸರಿಸಿ ಮತ್ತೆ ಬರೆಯಿರಿ. ಬಾಚಣಿಗೆಯ ಹಲ್ಲುಗಳು ಜಾಗ ಬದಲಿಸುತ್ತವೆ. ಅಗಲ 1ರ ಚಿತ್ರವನ್ನು 12ರ ಬದಲು 11.5ರಿಂದ ಶುರು ಮಾಡಿದರೆ ಕಂಬಗಳ ಎತ್ತರ ಸ್ವಲ್ಪ ಆಚೀಚೆ ಆಗಬಹುದು, ಆದರೆ 14ರ ಗುಡ್ಡ, 19ರ ಗುಡ್ಡ, ನಡುವಿನ ತಗ್ಗು ಅಲ್ಲೇ ಇರುತ್ತವೆ.