ಅರಿಶಿನ ದರ ಏರಿದರೂ ರೊಕ್ಕ ಕಟ್ಟಬೇಕೆ? ಮಾರ್ಜಿನ್ ಕಾಲ್ ಲೆಕ್ಕ ಹೀಗೆ

ಬಾಗಲಕೋಟೆ ಜಿಲ್ಲೆಯ ತೇರದಾಳದ ಕಡೆಯ ರೈತರೊಬ್ಬರ ಮನೆಯಲ್ಲಿ 50 ಕ್ವಿಂಟಲ್ ಅರಿಶಿನ ಇದೆ ಎಂದುಕೊಳ್ಳಿ. ದರ ಬೀಳಬಹುದೆಂಬ ಭಯಕ್ಕೆ ಕೃಷಿ ಸರಕುಗಳ ಎಕ್ಸ್‌ಚೇಂಜ್ ಎನ್‌ಸಿಡಿಇಎಕ್ಸ್‌ನಲ್ಲಿ ಒಂದು ಲಾಟ್ ಫ್ಯೂಚರ್ಸ್ ಅನ್ನು, ಅಂದರೆ ಮುಂದಿನ ತಾರೀಕಿಗೆ ಈಗಲೇ ದರ ಕಟ್ಟುವ ಒಪ್ಪಂದವನ್ನು, ಕ್ವಿಂಟಲ್‌ಗೆ 14,000 ರೂಪಾಯಿಯಂತೆ ಮಾರಿದ್ದಾರೆ. ಒಂದು ಲಾಟ್ ಅಂದರೆ 5 ಟನ್. ಹಾಗಾಗಿ ದರ ಒಂದು ರೂಪಾಯಿ ಆಚೀಚೆಯಾದರೆ ಅವರ ಖಾತೆಯಲ್ಲಿ 50 ರೂಪಾಯಿ ಆಚೀಚೆ.

ಮೊದಲು ಎರಡು ಗೆರೆ ಗುರುತಿಸಿಕೊಳ್ಳಿ. ಶುರುವಿನ ಮಾರ್ಜಿನ್, ಅಂದರೆ ಭದ್ರತೆಯಾಗಿ ಇಡುವ ಹಣ 70,000, ಖಾತೆ ಇಳಿಯಬಾರದ ಮಟ್ಟ 52,500 ಎಂದು ಹಿಡಿಯೋಣ. ಇವು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡ ಅಂಕಿಗಳು.

ಇನ್ನು ಪ್ರತಿದಿನ ಸಂಜೆ ಎಕ್ಸ್‌ಚೇಂಜ್ ಪ್ರಕಟಿಸುವ ಸೆಟ್ಲ್‌ಮೆಂಟ್ ದರ ನೋಡಿ. ಪರದೆಯಲ್ಲಿ ಕೊನೆಗೆ ಕಂಡ ದರ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ದಿನ 14,120 ಆಯಿತು. ಮಾರಿದವರಿಗೆ ಏರಿಕೆ ಅಂದರೆ ನಷ್ಟ, ಅಲ್ವಾ? 120ನ್ನು 50ರಿಂದ ಗುಣಿಸಿದರೆ 6,000. ಖಾತೆಯಲ್ಲಿ ಉಳಿದದ್ದು 64,000. ಎರಡನೇ ದಿನ 14,060ಕ್ಕೆ ಇಳಿಯಿತು, 3,000 ವಾಪಸ್ ಬಂತು: 67,000. ಇಲ್ಲಿ ನಿನ್ನೆಯ ದರಕ್ಕೆ ಹೋಲಿಸಬೇಕು, 14,000ಕ್ಕಲ್ಲ. ಮೂರನೇ ದಿನ ಒಮ್ಮೆಲೇ 14,420. ನಷ್ಟ 18,000, ಉಳಿದದ್ದು 49,000.

ಗೆರೆ ದಾಟಿತು. ಈಗ ಎಷ್ಟು ಕಟ್ಟಬೇಕು? ಜಾಸ್ತಿ ಜನ 3,500 ಎನ್ನುತ್ತಾರೆ. ತಪ್ಪು. ಕೆಳಗಿನ ಗೆರೆ ಮಾರ್ಜಿನ್ ಕಾಲ್, ಅಂದರೆ ಹಣ ತುಂಬಿ ಎಂಬ ಕರೆ, ಯಾವಾಗ ಬರುತ್ತದೆ ಎಂದಷ್ಟೇ ಹೇಳುತ್ತದೆ. ತುಂಬಬೇಕಾದದ್ದು ಮೇಲಿನ ಗೆರೆಯವರೆಗೆ: 70,000ದಲ್ಲಿ 49,000 ಕಳೆದು 21,000.

ಇದು ಪಠ್ಯಪುಸ್ತಕದ ಲೆಕ್ಕ. ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ಆ ಕೆಳಗಿನ ಗೆರೆಯ ಸಡಿಲಿಕೆ ಸಿಗುವುದಿಲ್ಲ. ಖಾತೆಯಲ್ಲಿ ಹೆಚ್ಚುವರಿ ಹಣ ಇಲ್ಲದಿದ್ದರೆ ಮೊದಲ ದಿನದ 6,000ವನ್ನೇ ಕಟ್ಟಬೇಕು, ಅದೂ ನಗದಾಗಿ. ಅಡವಿಟ್ಟ ಷೇರು ಮಾರ್ಜಿನ್‌ಗೆ ನಡೆದೀತು, ದಿನದ ನಷ್ಟಕ್ಕೆ ನಡೆಯದು. ಜೊತೆಗೆ ಮಾರ್ಜಿನ್ ಶೇಕಡಾ ಲೆಕ್ಕದಲ್ಲಿದ್ದರೆ ದರ ಏರಿದಂತೆ ಅದೂ ಏರುತ್ತದೆ. 14,420ಕ್ಕೆ ಒಂದು ಲಾಟ್‌ನ ಬೆಲೆ 7,21,000. ಶೇ 10 ಅಂದರೆ 72,100. ಆಗ ಕೊರತೆ 23,100. ದರ ಕುಣಿಯುವಾಗ ಎಕ್ಸ್‌ಚೇಂಜ್ ಹೆಚ್ಚುವರಿ ಮಾರ್ಜಿನ್ ಹಾಕಿದರೆ ಅದು ಬೇರೆ.

‘ದರ ಏರಿದ್ರ ನನ್ನ ಮಾಲಿಗೂ ಬೆಲಿ ಬಂತಲ್ರೀ, ಮತ್ತ್ಯಾಕ ರೊಕ್ಕ ಕೇಳ್ತೀರಿ?’ ಎಂದು ರೈತರು ಬ್ರೋಕರ್‌ಗೆ ಕೇಳುವುದು ಸಹಜ. ಮಾಲಿನ ಬೆಲೆ ಏರಿದ್ದು ನಿಜ. ಆದರೆ ಅದು ಮಾರಿದಾಗಲೇ ಕೈಗೆ ಬರುವ ಹಣ, ಫ್ಯೂಚರ್ಸ್ ನಷ್ಟ ಮಾತ್ರ ಇವತ್ತೇ ಹೋಗುತ್ತದೆ. ಹಣ ಬರದಿದ್ದರೆ ಬ್ರೋಕರ್ ಲಾಟ್ ಅನ್ನು ಅಂದಿನ ದರಕ್ಕೆ ಮುಚ್ಚಿಬಿಡಬಹುದು. ಆಮೇಲೆ ದರ ಬಿದ್ದರೆ ಮನೆಯ ಮಾಲಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಹಾಗಾಗಿ ಲಾಟ್ ಮಾರುವ ಮೊದಲೇ, ದರ 1,000 ರೂಪಾಯಿ ಏರಿದರೆ ಬೇಕಾಗುವ 50,000 ಎಲ್ಲಿಂದ ತರುವುದೆಂದು ನೋಡಿಕೊಳ್ಳಿ.