ನೆರೆ ಬಂದದ್ದು ಯಾವ ತಿಂಗಳಲ್ಲಿ? ನದಿ ಬಯಲಿನ ನಾಗರಿಕತೆಯ ಬಗ್ಗೆ ಕಿರುಪ್ರಬಂಧ ಬರೆಯುವ ಬಗೆ

‘ನದಿಗಳು ನೀರು ಕೊಟ್ಟವು, ಮೆಕ್ಕಲು ಮಣ್ಣು ಫಲವತ್ತಾಗಿತ್ತು, ಹವಾಮಾನ ಹಿತಕರವಾಗಿತ್ತು; ಆದ್ದರಿಂದ ಅಲ್ಲಿ ನಾಗರಿಕತೆಗಳು ಬೆಳೆದವು.’ ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆಲ್ಲ ಈ ವಾಕ್ಯ ಬಾಯಿಪಾಠವಾಗಿರುತ್ತದೆ. ಇದರ ಮೊದಲೆರಡು ಮಾತುಗಳು ಕಾವೇರಿಗೂ ಗೋದಾವರಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತವೆ. ಆದರೂ ಕ್ರಿ.ಪೂ. 3000ರ ಸುಮಾರಿಗೆ ಯೂಫ್ರೆಟಿಸ್ ಬಯಲಿನಲ್ಲಿ ಊರುಕ್‌ನಂಥ ದೊಡ್ಡ ನಗರವಿದ್ದಾಗ ಕಾವೇರಿಯ ದಂಡೆಯಲ್ಲಿ ಅಂಥದ್ದೇನೂ ಇರಲಿಲ್ಲ. ಮೂರನೆಯ ಮಾತಂತೂ ನೇರವಾಗಿ ತಪ್ಪು: ಯೂಫ್ರೆಟಿಸ್ ಬಯಲಿರುವ ದಕ್ಷಿಣ ಇರಾಕಿನ ಬೇಸಿಗೆಯನ್ನು ಯಾರೂ ಹಿತಕರವೆಂದು ಕರೆಯಲಾರರು. ಎಲ್ಲ ನದಿಗಳಿಗೂ ಹೊಂದುವ ವಾಕ್ಯ ಯಾವ ನದಿಯ ಕಥೆಯನ್ನೂ ಹೇಳುವುದಿಲ್ಲ. ಆದ್ದರಿಂದ ಸುಮಾರು 400 ಪದಗಳ ಪ್ರಬಂಧಕ್ಕೆ ಕೂರುವವರು ನಾಲ್ಕು ನಾಗರಿಕತೆಗಳ ಪಟ್ಟಿಯನ್ನು ಬದಿಗಿಟ್ಟು, ಒಂದೇ ಬಯಲನ್ನು ಆರಿಸಿಕೊಂಡು ಅದರೊಳಕ್ಕೆ ಇಳಿಯುವುದು ಒಳ್ಳೆಯದು. ಇಲ್ಲಿ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ದಕ್ಷಿಣ ಮೆಸೊಪೊಟೇಮಿಯವನ್ನು, ಅಂದರೆ ಸುಮೇರಿಯನ್ನರ ನಾಡನ್ನು ತೆಗೆದುಕೊಂಡಿದ್ದೇನೆ. ಹೋಲಿಕೆಗೆ ನೈಲ್ ಒಂದೇ ಸಾಕು.

ಮೊದಲು ಪಂಚಾಂಗ ಬರೆಯಿರಿ

ಪ್ರಬಂಧದ ಒಂದು ಸಾಲನ್ನೂ ಬರೆಯುವ ಮೊದಲು ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳುಗಳನ್ನು ಬರೆದುಕೊಂಡು, ಬಿತ್ತನೆ ಯಾವಾಗ, ಕೊಯ್ಲು ಯಾವಾಗ, ನದಿಗೆ ನೆರೆ ಯಾವಾಗ ಎಂಬ ಮೂರನ್ನು ಗುರುತು ಮಾಡಿಕೊಳ್ಳಬೇಕು. ಇಡೀ ವಾದ ನಿಲ್ಲುವುದು ಈ ಹಾಳೆಯ ಮೇಲೆ.

ನೈಲ್ ನದಿಯ ಪ್ರವಾಹ ಇಥಿಯೋಪಿಯದ ಎತ್ತರದ ನಾಡಿನಲ್ಲಿ ಬೀಳುವ ಬೇಸಿಗೆಯ ಮಳೆಯಿಂದ ಬರುತ್ತಿತ್ತು. ಈಜಿಪ್ಟಿನಲ್ಲಿ ಜೂನ್ ಕೊನೆಯಿಂದ ನೀರು ಏರತೊಡಗಿ, ಸೆಪ್ಟೆಂಬರಿನ ಸುಮಾರಿಗೆ ತುಂಬಿ ನಿಂತು, ಅಕ್ಟೋಬರಿನಲ್ಲಿ ಇಳಿದುಹೋಗುತ್ತಿತ್ತು. ಗೋಧಿ, ಬಾರ್ಲಿಗಳನ್ನು ಬಿತ್ತುವ ಕಾಲವೂ ಅದೇ. ನೀರು ಹಿಂದೆ ಸರಿದಾಗ ಹೊಲ ಹಸಿಯಾಗಿರುತ್ತಿತ್ತು, ಮೇಲೆ ಹೊಸ ಹೂಳಿನ ಪದರ ಕೂತಿರುತ್ತಿತ್ತು, ಮಣ್ಣಿನಲ್ಲಿ ಸೇರಿದ್ದ ಉಪ್ಪನ್ನು ನೆರೆಯೇ ತೊಳೆದುಕೊಂಡು ಹೋಗಿರುತ್ತಿತ್ತು. ಈಜಿಪ್ಟಿನವರು ವರ್ಷವನ್ನು ನೆರೆ, ಮೊಳಕೆ, ಕೊಯ್ಲು ಎಂದು ಮೂರು ಋತುಗಳಾಗಿ ಹಂಚಿಕೊಂಡದ್ದು ಈ ಹೊಂದಾಣಿಕೆಯಿಂದಲೇ.

ಮೆಸೊಪೊಟೇಮಿಯದ ಹಾಳೆ ಇದಕ್ಕೆ ತದ್ವಿರುದ್ಧ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ತುಂಬಿ ಬರುವುದು ಈಗಿನ ಟರ್ಕಿಯ ಬೆಟ್ಟಗಳ ಹಿಮ ಕರಗಿದಾಗ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಅಲ್ಲಿಯೂ ಬಿತ್ತನೆ ಅಕ್ಟೋಬರ್–ನವೆಂಬರಿನಲ್ಲಿ, ಕೊಯ್ಲು ಏಪ್ರಿಲ್–ಮೇನಲ್ಲಿ. ಬಿತ್ತುವಾಗ ನದಿ ಅತ್ಯಂತ ಬಡಕಲಾಗಿರುತ್ತದೆ. ತೆನೆ ಬಲಿತು ಕುಡುಗೋಲಿಗೆ ಸಿದ್ಧವಾದಾಗ ನೆರೆ ನುಗ್ಗುತ್ತದೆ. ನೀರು ಬೇಕಾದಾಗ ಇಲ್ಲ, ಬೇಡವಾದಾಗ ಹೊಲದ ತುಂಬ. ಮಳೆಯನ್ನು ನಂಬೋಣವೆಂದರೆ ಈ ದಕ್ಷಿಣ ಬಯಲಿಗೆ ವರ್ಷಕ್ಕೆ 200 ಮಿಲಿಮೀಟರ್ ಕೂಡ ಬೀಳುವುದಿಲ್ಲ. ಮಳೆಯೊಂದರಿಂದಲೇ ಬಾರ್ಲಿ ಬೆಳೆಯಲು ಅದು ಸಾಲದು. ಹವಾಮಾನದ ಬಗ್ಗೆ ಈ ಪ್ರಬಂಧದಲ್ಲಿ ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಹಿಮ ಬಿದ್ದದ್ದು ಒಂದು ಕಡೆ, ಹೊಲ ಇದ್ದದ್ದು ಇನ್ನೊಂದು ಕಡೆ, ಎರಡರ ಕಾಲವೂ ಹೊಂದಲಿಲ್ಲ.

ಆಮೇಲೆ ‘ಅದರಿಂದ ಏನು ಮಾಡಬೇಕಾಯಿತು?’ ಎಂದು ಕೇಳಿ

ಪಂಚಾಂಗದಿಂದ ಜನರ ಕೆಲಸಕ್ಕೆ ದಾಟುವ ಹೆಜ್ಜೆಯಲ್ಲಿಯೇ ಹೆಚ್ಚಿನ ಪ್ರಬಂಧಗಳು ಎಡವುತ್ತವೆ. ಆದ್ದರಿಂದ ನದಿಯ ಆಕಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ಬಯಲು ಎಷ್ಟು ಸಮತಟ್ಟೆಂದರೆ ನದಿ ನಿಧಾನವಾಗಿ ಹರಿದು ತಾನು ಹೊತ್ತು ತಂದ ಹೂಳನ್ನು ತನ್ನ ಪಾತ್ರದಲ್ಲೂ ದಡದಲ್ಲೂ ಸುರಿಯುತ್ತ ಹೋಗುತ್ತದೆ. ಕಾಲಕ್ರಮದಲ್ಲಿ ನದಿಯೇ ಸುತ್ತಲಿನ ಹೊಲಗಳಿಗಿಂತ ಎತ್ತರದ ದಿಬ್ಬದ ಮೇಲೆ ಹರಿಯತೊಡಗುತ್ತದೆ. ದಡವನ್ನು ಒಂದು ಕಡೆ ಕಡಿದರೆ ನೀರು ತಾನಾಗಿಯೇ ಹೊಲಕ್ಕೆ ಇಳಿಯುತ್ತದೆ, ಏತ ಬೇಕಿಲ್ಲ, ಇದು ಅನುಕೂಲ. ಅದೇ ಇಳಿಜಾರಿನಿಂದಾಗಿ ನೆರೆಯಲ್ಲಿ ಒಡ್ಡು ಒಡೆದರೆ ನೀರು ಹೊಲಕ್ಕೆ ನುಗ್ಗುತ್ತದೆ, ನುಗ್ಗಿದ ನೀರು ಮರಳಿ ನದಿಗೆ ಹೋಗಲಾರದೆ ತಗ್ಗಿನಲ್ಲಿ ನಿಲ್ಲುತ್ತದೆ, ಇದು ಆಪತ್ತು. ಹಾಗಾಗಿ ನದಿ ಬಡಕಲಾದಾಗ ನೀರು ತರಲು ಕಾಲುವೆ, ಅದು ತುಂಬಿದಾಗ ತಡೆಯಲು ಒಡ್ಡು, ಕಾಲುವೆಯಲ್ಲಿ ವರ್ಷವರ್ಷವೂ ತುಂಬುವ ಹೂಳನ್ನು ಎತ್ತಲು ಆಳುಗಳು, ಆಳುಗಳಿಗೆ ಕೊಡಲು ದಾಸ್ತಾನು ಮಾಡಿದ ಧಾನ್ಯ, ಆ ಧಾನ್ಯಕ್ಕೆ ಲೆಕ್ಕ ಎಂದು ಒಂದರಿಂದ ಒಂದು ಬೆಳೆಯುತ್ತ ಹೋಗುತ್ತದೆ. ಊರುಕ್‌ನಲ್ಲಿ ಸಿಕ್ಕಿರುವ, ಕ್ರಿ.ಪೂ. 3200ರ ಆಸುಪಾಸಿನ ಅತ್ಯಂತ ಹಳೆಯ ಬರಹದ ಹಲಗೆಗಳಲ್ಲಿ ಬಹುಪಾಲು ಇಂಥ ಲೆಕ್ಕಪತ್ರಗಳೇ.

ಇಲ್ಲಿ ಒಂದು ಎಚ್ಚರಿಕೆ. ‘ದೊಡ್ಡ ಕಾಲುವೆಗಳನ್ನು ನಿಭಾಯಿಸಲು ರಾಜ ಬೇಕಾದ, ಹೀಗೆ ರಾಜ್ಯ ಹುಟ್ಟಿತು’ ಎಂಬ ಮಾತು ಬರೆಯಲು ಬಹಳ ಸೊಗಸು, ಆದರೆ ಆಧಾರ ಅದಕ್ಕೆ ಪೂರ್ತಿ ಒತ್ತಾಸೆಯಾಗಿ ನಿಲ್ಲುವುದಿಲ್ಲ. ಇರಾಕಿನ ಬಯಲಿನಲ್ಲಿ ವರ್ಷಗಟ್ಟಲೆ ನೆಲ ಸಮೀಕ್ಷೆ ಮಾಡಿದ ಪುರಾತತ್ವಜ್ಞ ರಾಬರ್ಟ್ ಆ್ಯಡಮ್ಸ್ ತೋರಿಸಿದಂತೆ, ಆರಂಭದ ಕಾಲುವೆಗಳು ಚಿಕ್ಕವು, ಆಯಾ ಊರಿನವರೇ ತೋಡಿಕೊಳ್ಳಬಹುದಾದಂಥವು. ನಾಡಗಲದ ದೊಡ್ಡ ಜಾಲಗಳು ಬಂದದ್ದು ನಗರಗಳು ಬೆಳೆದ ಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಇಲ್ಲಿ ತಿರುವುಮುರುವು ಮಾಡಬಾರದು.

ಮಣ್ಣಿನಲ್ಲಿ ಇದ್ದದ್ದು, ಇಲ್ಲದ್ದು

ಮಣ್ಣಿನ ಬಗ್ಗೆ ‘ಫಲವತ್ತಾದ’ ಎಂಬ ಒಂದೇ ವಿಶೇಷಣ ಬರೆದು ಮುಂದೆ ಹೋಗುವುದು ವಾಡಿಕೆ. ಅದರ ಬದಲು ಆ ಮಣ್ಣಿನಲ್ಲಿ ಏನು ಇರಲಿಲ್ಲ ಎಂದು ಕೇಳಿದರೆ ಪ್ರಬಂಧಕ್ಕೆ ಜೀವ ಬರುತ್ತದೆ. ದಕ್ಷಿಣ ಮೆಸೊಪೊಟೇಮಿಯದಲ್ಲಿ ಕಟ್ಟಡಕ್ಕೆ ಒಳ್ಳೆಯ ಕಲ್ಲಿಲ್ಲ, ಲೋಹದ ಅದಿರಿಲ್ಲ, ತೊಲೆಗಾಗುವಂಥ ಗಟ್ಟಿ ಮರವಿಲ್ಲ. ಇರುವುದು ಜೇಡಿಮಣ್ಣು, ಜೊಂಡು ಮತ್ತು ಖರ್ಜೂರದ ಮರ. ಆದ್ದರಿಂದ ಮನೆ, ಗೋಡೆ, ದೇಗುಲ ಎಲ್ಲವೂ ಹಸಿ ಇಟ್ಟಿಗೆಯವು. ನಗರಗಳಿಗೂ ಹಿಂದಿನ ಕಾಲದಲ್ಲಿ ಅಲ್ಲಿಯವರು ಪೈರು ಕೊಯ್ಯುತ್ತಿದ್ದ ಕುಡುಗೋಲು ಕೂಡ ಮಣ್ಣಿನದೇ: ಜೇಡಿಯನ್ನು ಬಾಗಿಸಿ, ಅಂಚು ತೆಳ್ಳಗೆ ಮಾಡಿ, ಗಾಜಿನಂತೆ ಗಟ್ಟಿಯಾಗುವವರೆಗೆ ಸುಟ್ಟ ಕುಡುಗೋಲುಗಳು ಅಗೆತಗಳಲ್ಲಿ ರಾಶಿ ರಾಶಿಯಾಗಿ ಸಿಕ್ಕಿವೆ. ಬರೆಯಲು ಹಲಗೆಯೂ ಅದೇ ಮಣ್ಣು. ಇಲ್ಲದ್ದನ್ನು ತರಲು ವ್ಯಾಪಾರ ಬೇಕಾಯಿತು: ತಾಮ್ರ ಈಗಿನ ಒಮಾನ್ ಕಡೆಯಿಂದ, ನೀಲಿ ಲಾಜವರ್ದಿ ಕಲ್ಲು ದೂರದ ಅಫ್ಘಾನಿಸ್ತಾನದ ಬದಖ್‌ಶಾನದಿಂದ ಬಂತು. ಕಿರುಪ್ರಬಂಧದಲ್ಲಿ ಇವೆಲ್ಲಕ್ಕೂ ಜಾಗವಿರುವುದಿಲ್ಲ. ನನ್ನನ್ನು ಕೇಳಿದರೆ ಕುಡುಗೋಲು ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತೇನೆ.

ಉಪ್ಪಿನ ಕಥೆ

ಪ್ರಬಂಧದ ಅರ್ಧದಷ್ಟು ಜಾಗವನ್ನು ಈ ಭಾಗಕ್ಕೆ ಕೊಟ್ಟರೂ ಹೆಚ್ಚಾಗದು, ಏಕೆಂದರೆ ನದಿ, ಮಣ್ಣು, ಹವಾಮಾನ ಮೂರೂ ಒಂದೇ ಹೊಲದಲ್ಲಿ ಸೇರುವುದು ಇಲ್ಲಿ. ನದಿ ನೀರಿನಲ್ಲಿ ಸ್ವಲ್ಪವಾದರೂ ಲವಣ ಇದ್ದೇ ಇರುತ್ತದೆ. ಹೊಲಕ್ಕೆ ಹಾಯಿಸಿದ ನೀರು ಬಿಸಿಲಿಗೆ ಆವಿಯಾದಾಗ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ಬಸಿದು ಹೋಗಲು ದಾರಿಯಿಲ್ಲದ ನೀರು ಕೆಳಗಿಳಿದು ಅಂತರ್ಜಲವನ್ನು ಏರಿಸುತ್ತದೆ. ಅದು ಬೇರಿನ ಹತ್ತಿರಕ್ಕೆ ಬಂದಾಗ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದಂತೆ, ಮಣ್ಣು ಆ ಉಪ್ಪುನೀರನ್ನು ಮೇಲಕ್ಕೆ ಎಳೆದು ನೆಲದ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಸವಳು–ಜವಳು ಎಂದರೆ ಇದೇ. ಬಸಿಗಾಲುವೆ ಇಲ್ಲದೆ ನೀರು ಮಾತ್ರ ಹರಿಸಿದಲ್ಲೆಲ್ಲ ಇದು ಕಾಣುತ್ತದೆ.

ಉದಾಹರಣೆಗೆ ಲಗಾಶ್ ಮತ್ತು ಉಮ್ಮಾ ಎಂಬ ನೆರೆಯ ನಗರರಾಜ್ಯಗಳನ್ನು ತೆಗೆದುಕೊಳ್ಳಿ. ಗಡಿಯ ಹೊಲಗಳಿಗಾಗಿ, ಅವುಗಳಿಗೆ ನೀರು ತರುವ ಕಾಲುವೆಗಾಗಿ ಈ ಎರಡರ ನಡುವೆ ತಲೆಮಾರುಗಳ ಕಾಲ ಜಗಳ ನಡೆಯಿತು. ಮೇಲ್ಗಡೆಯ ಉಮ್ಮಾ ನೀರಿಗೆ ಅಡ್ಡಿಪಡಿಸುತ್ತಲೇ ಬಂದಾಗ, ಕ್ರಿ.ಪೂ. 2400ರ ಸುಮಾರಿಗೆ ಲಗಾಶಿನ ದೊರೆ ಎನ್‌ಮೆಟೆನ ಟೈಗ್ರಿಸ್ ಕಡೆಯಿಂದಲೇ ಬೇರೆ ಕಾಲುವೆ ತಂದ. ನೀರು ಯಥೇಚ್ಛವಾಯಿತು. ಸುಮೇರಿನ ಬರಹಗಳ ವಿದ್ವಾಂಸ ಥಾರ್ಕಿಲ್ಡ್ ಯಾಕೊಬ್ಸನ್ ಮತ್ತು ಆ್ಯಡಮ್ಸ್ 1958ರಲ್ಲಿ ಮಂಡಿಸಿದ ವಾದದ ಪ್ರಕಾರ ಆ ಯಥೇಚ್ಛ ನೀರೇ ಅಂತರ್ಜಲವನ್ನು ಏರಿಸಿತು. ಸ್ವಲ್ಪ ಕಾಲದಲ್ಲೇ ಅಲ್ಲಿನ ದೇಗುಲದ ಭೂದಾಖಲೆಗಳಲ್ಲಿ ಉಪ್ಪಾದ ತುಂಡುನೆಲಗಳ ಉಲ್ಲೇಖ ಬರತೊಡಗುತ್ತದೆ. ಉಪ್ಪನ್ನು ಗೋಧಿ ಸಹಿಸುವುದಕ್ಕಿಂತ ಬಾರ್ಲಿ ಹೆಚ್ಚು ಸಹಿಸುತ್ತದೆ. ಯಾಕೊಬ್ಸನ್ ಮತ್ತು ಆ್ಯಡಮ್ಸ್ ಅವರ ಲೆಕ್ಕದಲ್ಲಿ ಕ್ರಿ.ಪೂ. 3500ರ ಸುಮಾರಿಗೆ ದಕ್ಷಿಣದಲ್ಲಿ ಗೋಧಿ ಮತ್ತು ಬಾರ್ಲಿ ಹೆಚ್ಚುಕಡಿಮೆ ಸಮಸಮ. ಲಗಾಶ್ ರಾಜ್ಯದ ಗಿರ್ಸುವಿನಲ್ಲಿ ಕ್ರಿ.ಪೂ. 2100ರ ಹೊತ್ತಿಗೆ ಗೋಧಿ ನೂರಕ್ಕೆ ಎರಡು ಪಾಲಿಗೆ ಇಳಿದಿತ್ತು.

ಇದನ್ನು ಸಿದ್ಧಸತ್ಯದಂತೆ ಬರೆಯಬೇಡಿ. ಹಲಗೆಗಳಲ್ಲಿನ ಅಳತೆಗಳನ್ನೂ ಪದಗಳನ್ನೂ ಓದಿದ ಬಗೆಯನ್ನು ಇನ್ನೊಬ್ಬ ವಿದ್ವಾಂಸ ಮಾರ್ವಿನ್ ಪೊವೆಲ್ 1985ರಲ್ಲಿ ಪ್ರಶ್ನಿಸಿದ್ದಾರೆ. ಸುಮೇರಿನ ರೈತರಿಗೆ ಹೊಲವನ್ನು ವರ್ಷ ಬಿಟ್ಟು ವರ್ಷ ಬೀಳು ಬಿಡುವುದು ಗೊತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ. ಬಾರ್ಲಿಯಿಂದ ಬಿಯರ್ ಆಗುತ್ತದೆ, ದನಕರುಗಳಿಗೆ ಮೇವಾಗುತ್ತದೆ. ಬೆಳೆ ಬದಲಾಗಲು ಉಪ್ಪೊಂದೇ ಕಾರಣವಾಗಿರಬೇಕಿಲ್ಲ. ಈ ಆಕ್ಷೇಪಕ್ಕೆ ಪ್ರಬಂಧದಲ್ಲಿ ಎರಡು ವಾಕ್ಯ ಸಾಕು, ಆದರೆ ಆ ಎರಡು ವಾಕ್ಯಗಳನ್ನು ಬಿಡಬಾರದು.

ಬರೆಯುವ ಹೊತ್ತು

ಮೊದಲ ವಾಕ್ಯವನ್ನು ‘ನಾಗರಿಕತೆ ಎಂದರೆ’ ಎಂದು ಶುರುಮಾಡದೆ ನೇರವಾಗಿ ಪಂಚಾಂಗದಿಂದ ಎತ್ತಿಕೊಳ್ಳಿ. ಉದಾಹರಣೆಗೆ: ‘ಸುಮೇರಿನ ರೈತ ಕುಡುಗೋಲು ಹಿಡಿದು ಹೊಲಕ್ಕಿಳಿಯುವ ತಿಂಗಳಲ್ಲೇ ಯೂಫ್ರೆಟಿಸ್ ತುಂಬಿ ಬರುತ್ತಿತ್ತು, ಅದೇ ಬೆಳೆಯನ್ನು ಬೆಳೆದ ಈಜಿಪ್ಟಿನ ರೈತನಿಗೆ ನೈಲ್ ನದಿ ಬಿತ್ತನೆಗೆ ಮುಂಚೆಯೇ ಬಂದು ಹೋಗಿರುತ್ತಿತ್ತು.’ ಇದಾದ ಮೇಲೆ ಕಾಲುವೆ ಮತ್ತು ಒಡ್ಡು, ಆಮೇಲೆ ಮಣ್ಣಿನ ಕುಡುಗೋಲು, ಆಮೇಲೆ ಲಗಾಶಿನ ಉಪ್ಪು ಎಂಬ ಕ್ರಮದಲ್ಲಿ ಹೋದರೆ ಪ್ರತಿ ಭಾಗವೂ ಹಿಂದಿನದರಿಂದ ಹುಟ್ಟುತ್ತದೆ. ಬರೆದು ಮುಗಿದ ಮೇಲೆ ಪ್ರತಿ ವಾಕ್ಯದಲ್ಲೂ ‘ಯೂಫ್ರೆಟಿಸ್’ ಇರುವಲ್ಲಿ ‘ನೈಲ್’ ಎಂದು ಇಟ್ಟು ಓದಿ ನೋಡಿ. ಆಗಲೂ ಸರಿಯೆನ್ನಿಸುವ ವಾಕ್ಯವನ್ನು ಹೊಡೆದು ಹಾಕಿ. ನದಿಯೊಂದೇ ಎಲ್ಲವನ್ನೂ ನಿರ್ಧರಿಸಿತೆಂಬ ಧ್ವನಿ ಬಂದಿದ್ದರೆ ಅದನ್ನೂ ತಿದ್ದಿ: ಕಾಲುವೆ ತೋಡಲು ನದಿ ಒತ್ತಾಯಿಸಿತು ನಿಜ, ಟೈಗ್ರಿಸ್ ಕಡೆಯಿಂದ ಹೊಸದನ್ನು ತರಬೇಕೆಂದು ತೀರ್ಮಾನಿಸಿದ್ದು ಎನ್‌ಮೆಟೆನ.

ಕೊನೆಯ ಪ್ಯಾರಾಕ್ಕೆ ಊರ್ ನಗರ ಒಳ್ಳೆಯದು. ಸುಮೇರಿಯನ್ನರ ಕಾಲದಲ್ಲಿ ಅದಕ್ಕೆ ಯೂಫ್ರೆಟಿಸ್ ನೀರಿನ ಸಂಪರ್ಕವಿತ್ತು, ಬಂದರಿತ್ತು. ಎತ್ತರದ ದಿಬ್ಬದ ಮೇಲೆ ಹರಿಯುವ ನದಿ ಒಂದಲ್ಲ ಒಂದು ನೆರೆಯಲ್ಲಿ ದಡ ಒಡೆದು ತಗ್ಗು ಹುಡುಕಿಕೊಂಡು ಹೊಸ ದಾರಿ ಹಿಡಿಯುತ್ತದೆ. ಇಂದು ಆ ನಗರದ ಇಟ್ಟಿಗೆಯ ದೇಗುಲದಿಬ್ಬ ಮರಳುಗಾಡಿನ ನಡುವೆ ನಿಂತಿದೆ, ನದಿ ಅಲ್ಲಿಂದ ಎಷ್ಟೋ ಕಿಲೋಮೀಟರ್ ಆಚೆ ಹರಿಯುತ್ತಿದೆ.